ಅಡಿಟಿಪ್ಪಣಿಯಲ್ಲಿ ಅಡಗಿದ ವಾದವನ್ನು ಮೇಲೆ ತರುವುದು ಹೇಗೆ?

ಕಳೆದ ಆಷಾಢದಲ್ಲಿ ಸಾಗರದ ಕಡೆಯ ಒಬ್ಬ ಸಂಶೋಧನ ವಿದ್ಯಾರ್ಥಿನಿ ತನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದಳು. ವಿಷಯ 1830ರ ನಗರ ದಂಗೆ, ಅಂದರೆ ಹಿಂದೆ ಬಿದನೂರು ಎನಿಸಿದ್ದ ನಗರದ ಸೀಮೆಯಲ್ಲಿ ರೈತರು ಎದ್ದ ದಂಗೆ. ಅಧ್ಯಾಯದಲ್ಲಿ ಎಪ್ಪತ್ತೆರಡು ಅಡಿಟಿಪ್ಪಣಿಗಳಿದ್ದವು. ಕೆಲವು ಪುಟಗಳಲ್ಲಿ ಮೇಲೆ ಆರು ಸಾಲು ಪಠ್ಯ, ಕೆಳಗೆ ಅರ್ಧ ಪುಟಕ್ಕೂ ಮೀರಿ ಸಣ್ಣಕ್ಷರದ ಟಿಪ್ಪಣಿ. ಮೇಲಿನದನ್ನಷ್ಟೇ ಓದಿದಾಗ ಅಧ್ಯಾಯ ಸಪ್ಪೆಯಾಗಿತ್ತು. ಕೆಳಗಿನದನ್ನು ಓದಿದಾಗ ಆಕೆಗೆ ಹೇಳಲು ಏನೋ ಇದೆ ಎಂಬುದು ತಿಳಿಯಿತು. "ಇದನ್ನೆಲ್ಲ ಯಾಕಮ್ಮ ಕೆಳಗೆ ಹಾಕಿದೆ?" ಎಂದು ಕೇಳಿದೆ. "ಮೇಲೆ ಬರೆದರೆ ವೈವಾದಲ್ಲಿ ಪ್ರಶ್ನೆ ಬರುತ್ತದಲ್ಲ ಸರ್" ಎಂದಳು.

ಈ ಉತ್ತರವನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಎಲ್ಲಿಡಬೇಕೆಂದು ತೋಚದ ಸಾಮಾನು ಅಟ್ಟ ಸೇರುವ ಹಾಗೆ, ಹೇಳಲು ಧೈರ್ಯ ಸಾಲದ ಮಾತು ಅಡಿಟಿಪ್ಪಣಿ ಸೇರುತ್ತದೆ. ಆದ್ದರಿಂದ ಟಿಪ್ಪಣಿಗಳನ್ನು ಸುಮ್ಮನೆ ಕತ್ತರಿಸಿ ಚಿಕ್ಕದು ಮಾಡಿದರೆ ಪ್ರಬಂಧದ ಜೀವವೇ ಹೋಗಬಹುದು. ಯಾವುದನ್ನು ಮೇಲೆ ತರಬೇಕು, ಯಾವುದನ್ನು ಬರಿಯ ಆಕರಸೂಚಿಯಾಗಿ ಉಳಿಸಬೇಕು, ಯಾವುದನ್ನು ಹೊರಗೆ ಹಾಕಬೇಕು ಎಂದು ಒಂದೊಂದನ್ನೂ ಕೈಗೆತ್ತಿಕೊಂಡು ನೋಡಬೇಕು. ಆ ಅಧ್ಯಾಯಕ್ಕೆ ನಾವು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕತ್ತರಿ ಹಿಡಿಯುವ ಮೊದಲು

ಮೊದಲ ಕೆಲಸ ಬೇಸರದ್ದು, ಆದರೆ ಅದನ್ನು ಬಿಟ್ಟರೆ ಮುಂದಿನದೆಲ್ಲ ಕೆಡುತ್ತದೆ. ಅಧ್ಯಾಯದ ಒಂದು ಪ್ರತಿಯನ್ನು ದಿನಾಂಕ ಹಾಕಿ ಬೇರೆ ಇಟ್ಟುಕೊಳ್ಳಿ. ಆಮೇಲೆ ಎಲ್ಲ "ಅದೇ" ಮತ್ತು "ಪೂರ್ವೋಕ್ತ"ಗಳನ್ನು ತೆಗೆದು, ಅವುಗಳ ಜಾಗದಲ್ಲಿ ಲೇಖಕರ ಹೆಸರು, ಕೃತಿಯ ಕಿರುಶೀರ್ಷಿಕೆ ಮತ್ತು ಪುಟ ಸಂಖ್ಯೆಯನ್ನು ಬರೆಯಿರಿ. "ಅದೇ" ಎಂದರೆ "ಹಿಂದಿನ ಟಿಪ್ಪಣಿಯಲ್ಲಿ ಹೇಳಿದ ಕೃತಿಯೇ" ಎಂದರ್ಥ. ಒಂದು ಟಿಪ್ಪಣಿ ಮೇಲೆ ಹೋದ ಕೂಡಲೇ ಅದರ ಕೆಳಗಿದ್ದ "ಅದೇ" ಬೇರೆ ಯಾವುದೋ ಕೃತಿಯತ್ತ ಬೆರಳು ತೋರಿಸತೊಡಗುತ್ತದೆ. ಗಣಕಯಂತ್ರ ಇದನ್ನು ತಪ್ಪೆಂದು ತೋರಿಸುವುದಿಲ್ಲ. ಓದುವವರಿಗೂ ಗೊತ್ತಾಗುವುದಿಲ್ಲ, ಆ ಪುಟವನ್ನು ತೆರೆದು ನೋಡುವ ಪರೀಕ್ಷಕರೊಬ್ಬರನ್ನು ಬಿಟ್ಟು. ಈ ವಿದ್ಯಾರ್ಥಿನಿಯ ಅಧ್ಯಾಯದಲ್ಲಿ ಹತ್ತೊಂಬತ್ತು "ಅದೇ"ಗಳಿದ್ದವು, ಅವುಗಳಲ್ಲಿ ಎರಡು ನಾವು ಕೈ ಹಾಕುವ ಮೊದಲೇ ತಪ್ಪು ಕೃತಿಗೆ ಅಂಟಿಕೊಂಡಿದ್ದವು.

"ಮೇಲಿನ ಟಿಪ್ಪಣಿ 47 ನೋಡಿ" ಎಂಬಂಥ ಕೈಯಿಂದ ಬರೆದ ಅಂಕಿಗಳಿಗೂ ಇದೇ ಗತಿ. ಅಂಥ ಕಡೆಗಳಲ್ಲೆಲ್ಲ ಹಳದಿ ಬಣ್ಣ ಬಳಿದಿಡಿ. ಅವನ್ನು ಕೊನೆಯಲ್ಲಿ ಸರಿಪಡಿಸಿದರೆ ಸಾಕು.

ವರ್ಡ್‌ನಲ್ಲಿ ಬರೆದಿದ್ದರೆ, ಹುಡುಕುವ ಪೆಟ್ಟಿಗೆಯಲ್ಲಿ ಈ ಎರಡು ಅಕ್ಷರಗಳನ್ನು ಒತ್ತಿದರೆ ಅದು ಟಿಪ್ಪಣಿಯ ಗುರುತುಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ:

```
^f
```

ಆದರೂ ಈ ಹಂತದಲ್ಲಿ ಕಾಗದವೇ ಮೇಲು ಎಂಬುದು ನನ್ನ ಅನುಭವ. ಅಧ್ಯಾಯವನ್ನು ಮುದ್ರಿಸಿಕೊಂಡು ಮೂರು ಬಣ್ಣದ ಪೆನ್ನು ಹಿಡಿದು ಕೂರಿ. ಪರದೆಯ ಮೇಲೆ ಟಿಪ್ಪಣಿ ಯಾವಾಗಲೂ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ವಾದವನ್ನು ಗುರುತಿಸುವುದು

ಟಿಪ್ಪಣಿಯೊಳಗೆ ವಾದ ಇದೆಯೇ ಎಂದು ತಿಳಿಯಲು ಉದ್ದವನ್ನು ನೋಡಬೇಡಿ. ಐದು ಶಾಸನಗಳ ಸಂಖ್ಯೆ ಕೊಡುವ ಟಿಪ್ಪಣಿ ನಾಲ್ಕು ಸಾಲಿದ್ದರೂ ಅದು ಆಕರಸೂಚಿಯೇ. "ಆದರೆ ಇದು ಒಪ್ಪತಕ್ಕದ್ದಲ್ಲ" ಎಂಬ ಮೂರೇ ಪದ ಮಾತ್ರ ವಾದ. ಕನ್ನಡದಲ್ಲಿ ಬರೆಯುವವರಿಗೆ ಒಂದು ಸುಲಭದ ಉಪಾಯವಿದೆ. ಟಿಪ್ಪಣಿಗಳಲ್ಲಿ "ಆದರೆ", "ಹಾಗಾಗಿ", "ಆದ್ದರಿಂದ", "ಇರಬೇಕು", "ಎನ್ನಬಹುದು" ಎಂಬ ಮಾತುಗಳಿಗೆ ಕೆಂಪು ಗೆರೆ ಎಳೆಯಿರಿ. ಆಕರವನ್ನು ಸೂಚಿಸುವ ಟಿಪ್ಪಣಿಗೆ ಈ ಪದಗಳು ಬೇಕಾಗುವುದಿಲ್ಲ. ಅವು ಬಂದಿವೆ ಎಂದರೆ ಬರೆದವರು ಅಲ್ಲಿ ಯೋಚಿಸುತ್ತಿದ್ದರು ಎಂದರ್ಥ, ಮತ್ತು ಆ ಯೋಚನೆ ಇರಬೇಕಾದ ಜಾಗ ಅದಲ್ಲ.

ಕೆಂಪು ಗೆರೆ ಬಿದ್ದ ಟಿಪ್ಪಣಿಯನ್ನು ಬೆರಳಿನಿಂದ ಮುಚ್ಚಿ, ಮೇಲಿನ ವಾಕ್ಯವನ್ನು ಮಾತ್ರ ಓದಿ. ಟಿಪ್ಪಣಿ ಇಲ್ಲದೆಯೂ ಆ ವಾಕ್ಯವನ್ನು ನೀವು ಹಾಗೆಯೇ ಹೇಳುತ್ತೀರಾ? ಹೌದಾದರೆ ಟಿಪ್ಪಣಿಯ ಮಾತು ಹೆಚ್ಚುವರಿ. ಅಲ್ಲವಾದರೆ ಮೇಲೆ ಒಂದು ಹೇಳಿ ಕೆಳಗೆ ಅದನ್ನು ಹಿಂತೆಗೆದುಕೊಂಡಿದ್ದೀರಿ. ಈ ಎರಡನೆಯ ಬಗೆಯದೇ ಅಪಾಯಕಾರಿ. ಎಪ್ಪತ್ತೆರಡರಲ್ಲಿ ಅಂಥವು ಹನ್ನೊಂದು ಸಿಕ್ಕವು, ಅವುಗಳಲ್ಲಿ ಮೂವತ್ತೊಂದನೆಯದು ಎಲ್ಲಕ್ಕಿಂತ ಶ್ರೀಮಂತ.

ಮೂವತ್ತೊಂದನೆಯ ಟಿಪ್ಪಣಿ

ಮೇಲಿನ ಪಠ್ಯದಲ್ಲಿದ್ದದ್ದು ಒಂದೇ ವಾಕ್ಯ: "1830ರ ನಗರ ದಂಗೆಗೆ ಶರ್ತು ಪದ್ಧತಿಯೇ ಕಾರಣ." ಅದರ ಟಿಪ್ಪಣಿ ಹೀಗಿತ್ತು:

> 31. ಈ ಬಗ್ಗೆ 1833ರ ವಿಚಾರಣಾ ಸಮಿತಿಯ ವರದಿ ನೋಡಿ. ಶರ್ತು ಎಂದರೆ ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ಕಟ್ಟಿಸುವುದಾಗಿ ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಕರಾರು. ಆದರೆ ಈ ಪದ್ಧತಿ ನಗರ ಸೀಮೆಯಲ್ಲಿ ಮಾತ್ರ ಇದ್ದದ್ದಲ್ಲ. ಹಾಗಾಗಿ ಇಲ್ಲಿ ಹಳೆಯ ಕೆಳದಿ ಅರಸರ ನೆನಪೂ ಕೆಲಸ ಮಾಡಿರಬೇಕು. ದಂಗೆಯ ನಾಯಕ ಬೂದಿ ಬಸಪ್ಪ ತಾನು ಆ ಮನೆತನದವನೆಂದು ಹೇಳಿಕೊಂಡದ್ದನ್ನು ಗಮನಿಸಬಹುದು. ಅಲ್ಲದೆ ವರದಿ ಬರೆದವರು ಕಂಪನಿಯ ಕಡೆಯವರು, ಅರಸರ ಆಡಳಿತವನ್ನು ದೂರುವುದು ಅವರಿಗೆ ಅನುಕೂಲವಾಗಿತ್ತು. ಬುಕಾನನ್ ಕೂಡ 1801ರಲ್ಲಿ ಈ ಸೀಮೆಯಲ್ಲಿ ಪ್ರವಾಸ ಮಾಡಿ ಅಡಿಕೆ ತೋಟಗಳ ಬಗ್ಗೆ ಬರೆದಿದ್ದಾನೆ. ಇದಕ್ಕೆ ಪ್ರತ್ಯೇಕ ಅಧ್ಯಯನ ಬೇಕು.

ಇದನ್ನು ಬಿಡಿಸಿ ನೋಡಿ. ಮೊದಲ ವಾಕ್ಯ ಆಕರ. ಎರಡನೆಯದು ಪಾರಿಭಾಷಿಕ ಪದದ ವಿವರಣೆ. ಮೂರು, ನಾಲ್ಕು, ಐದನೆಯ ವಾಕ್ಯಗಳು ಸೇರಿ ಒಂದು ವಾದ, ಮತ್ತು ಅದು ಮೇಲಿನ "ಪದ್ಧತಿಯೇ ಕಾರಣ" ಎಂಬುದನ್ನು ಬುಡಸಮೇತ ಅಲ್ಲಾಡಿಸುತ್ತದೆ. ಆರನೆಯದು ಆಕರದ ವಿಮರ್ಶೆ. ಬುಕಾನನ್ ಬಂದದ್ದು ದಂಗೆಗೆ ಸುಮಾರು ಮೂವತ್ತು ವರ್ಷ ಮೊದಲು, ಈ ಪ್ರಶ್ನೆಗೂ ಅವನ ಅಡಿಕೆ ತೋಟಕ್ಕೂ ಇಲ್ಲಿ ಸಂಬಂಧವಿಲ್ಲ. ಕೊನೆಯ ವಾಕ್ಯ ಬರಿಯ ನಿಟ್ಟುಸಿರು.

ಹೀಗೆ ಒಂದು ಟಿಪ್ಪಣಿಯಲ್ಲಿ ಆರು ಬಗೆಯ ಸರಕು ಇರುವಾಗ ಅದನ್ನು ಇಡಿಯಾಗಿ ಎತ್ತಿ ಮೇಲೆ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಆಕೆಯೂ ಮೊದಲು ಅದನ್ನೇ ಮಾಡಿದಳು. ಇಡೀ ಟಿಪ್ಪಣಿಯನ್ನು ಆವರಣ ಚಿಹ್ನೆಯೊಳಗೆ ಹಾಕಿ ವಾಕ್ಯದ ಪಕ್ಕಕ್ಕೆ ತಂದಿಟ್ಟಳು. ಆವರಣದೊಳಗಿನ ಟಿಪ್ಪಣಿ ಇನ್ನೂ ಟಿಪ್ಪಣಿಯೇ, ಅಕ್ಷರ ದೊಡ್ಡದಾಗಿದೆ ಅಷ್ಟೆ.

ಮೊದಲು ತಿದ್ದಬೇಕಾದದ್ದು ಮೇಲಿನ ವಾಕ್ಯವನ್ನು. ಟಿಪ್ಪಣಿಯ ವಾದ ನಿಜವೆಂದು ನೀವು ನಂಬುವುದಾದರೆ "ಪದ್ಧತಿಯೇ ಕಾರಣ" ಎಂಬ ವಾಕ್ಯ ಉಳಿಯಬಾರದು. ಅಲ್ಲಿನ "ಏ" ಹೋಗಬೇಕು. ಮೇಲಿನ ವಾಕ್ಯ ಬದಲಾಗದೆ ಟಿಪ್ಪಣಿ ಮಾತ್ರ ಮೇಲೆ ಬಂದರೆ ಒಂದೇ ಕಂಡಿಕೆಯಲ್ಲಿ ಎರಡು ವಿರುದ್ಧ ಮಾತುಗಳು ಅಕ್ಕಪಕ್ಕ ಕೂರುತ್ತವೆ.

ಎರಡನೆಯದು ಆಕರದ ಪ್ರಶ್ನೆ. "ಈ ಪದ್ಧತಿ ನಗರ ಸೀಮೆಯಲ್ಲಿ ಮಾತ್ರ ಇದ್ದದ್ದಲ್ಲ" ಎಂಬುದಕ್ಕೆ ಆಧಾರವೇನು ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಟಿಪ್ಪಣಿಗೆ ಟಿಪ್ಪಣಿ ಹಾಕುವ ರೂಢಿ ಇಲ್ಲವಲ್ಲ, ಆದ್ದರಿಂದ ಅಲ್ಲಿ ಆಧಾರವಿಲ್ಲದ ಮಾತು ಯಾರ ಕಣ್ಣಿಗೂ ಬೀಳದೆ ತೂರಿಹೋಗುತ್ತದೆ. ಅದೇ ಮಾತು ಮೇಲೆ ಬಂದ ಕ್ಷಣ ತನ್ನದೇ ಆದ ಆಕರಸೂಚಿಯನ್ನು ಕೇಳುತ್ತದೆ. ಆಕೆ ಮತ್ತೆ ವರದಿಗೆ ಹೋಗಿ ಪುಟ ಹುಡುಕಿ ತರಬೇಕಾಯಿತು, ಒಂದು ವಾರ ಹಿಡಿಯಿತು. ಪುಟ ಸಿಗದಿದ್ದರೆ ಆ ವಾಕ್ಯವನ್ನು ಬಿಡುವುದೇ ಸರಿಯಾಗಿತ್ತು. ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದ ದೊಡ್ಡ ಲಾಭ ಇಂಥ ವಾಕ್ಯಗಳು ಸಿಕ್ಕಿಬೀಳುವುದು.

ಮೂರು ಸಲ ತಿದ್ದಿದ ಮೇಲೆ ಕಂಡಿಕೆ ಈ ರೂಪಕ್ಕೆ ಬಂತು:

> 1830ರ ದಂಗೆಯ ಹಿಂದೆ ಶರ್ತು ಪದ್ಧತಿಯ ಒತ್ತಡವಿತ್ತು. ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ಕಟ್ಟಿಸುವುದಾಗಿ ಅಮಲ್ದಾರನು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುತ್ತಿದ್ದ. ಕಡಿಮೆ ಬಿದ್ದದ್ದನ್ನು ಅವನೇ ತುಂಬಬೇಕಾಗಿದ್ದರಿಂದ ಹೊರೆ ರೈತನ ಮೇಲೆ ಜಾರುತ್ತಿತ್ತು.³¹ ಆದರೆ ಈ ಪದ್ಧತಿ ನಗರ ಸೀಮೆಗಷ್ಟೇ ಸೀಮಿತವಾಗಿರಲಿಲ್ಲ.³² ದಂಗೆ ಇಲ್ಲಿಯೇ ಏಕೆ ಆಳವಾಗಿ ಬೇರೂರಿತು ಎಂಬ ಪ್ರಶ್ನೆಗೆ ಕಂದಾಯವೊಂದೇ ಉತ್ತರವಾಗಲಾರದು. ಬೂದಿ ಬಸಪ್ಪ ತಾನು ನಗರದ ಹಳೆಯ ಅರಸು ಮನೆತನಕ್ಕೆ ಸೇರಿದವನೆಂದು ಹೇಳಿಕೊಂಡೇ ಮುಂದೆ ಬಂದ.³³ ಆ ಮನೆತನದ ಆಳ್ವಿಕೆ ಹೈದರಾಲಿಯ ಕೈಯಲ್ಲಿ 1763ರಲ್ಲೇ ಮುಗಿದಿತ್ತು. ಅರವತ್ತೇಳು ವರ್ಷಗಳ ನಂತರವೂ ಅದರ ಹೆಸರು ಹೇಳಿ ಜನರನ್ನು ಸೇರಿಸಲು ಸಾಧ್ಯವಾಯಿತು ಎಂಬುದನ್ನು ಕಂದಾಯದ ಲೆಕ್ಕ ವಿವರಿಸುವುದಿಲ್ಲ.

ಕೆಳಗೆ ಉಳಿದದ್ದು ಮೂರು ಸಣ್ಣ ಸಾಲು:

> 31. ವಿಚಾರಣಾ ಸಮಿತಿ ವರದಿ (1833), ಪುಟ …
> 32. ವಿಚಾರಣಾ ಸಮಿತಿ ವರದಿ (1833), ಪುಟ …
> 33. ರೈಸ್, ಮೈಸೂರು ಗ್ಯಾಸೆಟಿಯರ್, ಸಂಪುಟ 1, ಪುಟ …

ಟಿಪ್ಪಣಿಯಲ್ಲಿದ್ದ "ಇರಬೇಕು" ಮತ್ತು "ಗಮನಿಸಬಹುದು" ಎರಡೂ ಇಲ್ಲಿಲ್ಲ. ಕೆಳಗಿದ್ದಾಗ ಆ ಹಿಂಜರಿಕೆ ವಿನಯದಂತೆ ಕಾಣುತ್ತಿತ್ತು, ಮೇಲೆ ಬಂದರೆ ಅಳುಕಿನಂತೆ ಕಾಣುತ್ತದೆ. ಹಾಗೆಂದು ಇಲ್ಲದ ಖಚಿತತೆಯನ್ನೂ ಹಚ್ಚಿಲ್ಲ. ಮನೆತನದ ನೆನಪೇ ದಂಗೆಗೆ ಕಾರಣ ಎಂದು ಆಕೆ ಹೇಳುತ್ತಿಲ್ಲ. ಕಂದಾಯವೊಂದೇ ಸಾಲದು ಎನ್ನುತ್ತಿದ್ದಾಳೆ, ಆಕೆಯ ಬಳಿ ಇರುವ ಸಾಕ್ಷ್ಯಕ್ಕೆ ಅಷ್ಟೇ ತೂಕ. "ಶರ್ತು" ಪದದ ವಿವರಣೆ ವಾಕ್ಯದೊಳಗೇ ಕರಗಿತು. ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಪದದ ಅರ್ಥವನ್ನು ಅದು ಮೊದಲ ಸಲ ಬರುವಾಗ ಪಠ್ಯದಲ್ಲೇ ಹೇಳಿಬಿಡುವುದು ಒಳ್ಳೆಯದು. ಶಿಸ್ತು, ಗೇಣಿ, ಕೊಳಗ, ಖಂಡುಗದಂಥ ಪದಗಳು ಹತ್ತಾರು ಇದ್ದರೆ ಪ್ರಬಂಧದ ಕೊನೆಗೆ ಒಂದು ಪದಕೋಶ ಹಾಕಿ. ಅವುಗಳ ಅರ್ಥ ಮಾತ್ರ ಟಿಪ್ಪಣಿಯಲ್ಲಿ ಬೇಡ.

ಒಂದೇ ಮಾತು ನಾಲ್ಕು ಕಡೆ

ವರದಿ ಬರೆದವರ ಪಕ್ಷಪಾತದ ಮಾತು ಈ ಕಂಡಿಕೆಯಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಿರಬಹುದು. ಅದನ್ನು ನಾವು ಕೈಬಿಟ್ಟಿರಲಿಲ್ಲ. ಹುಡುಕಿದರೆ ಒಂಬತ್ತು, ನಲವತ್ತನಾಲ್ಕು ಮತ್ತು ಐವತ್ತೆಂಟನೆಯ ಟಿಪ್ಪಣಿಗಳಲ್ಲೂ ಅದೇ ಮಾತು ಬೇರೆ ಬೇರೆ ಶಬ್ದಗಳಲ್ಲಿ ಇತ್ತು. ಒಂದು ವಾದ ಹೀಗೆ ಚೂರುಚೂರಾಗಿ ನಾಲ್ಕು ಕಡೆ ಬಿದ್ದಿದೆ ಎಂದರೆ ಅದಕ್ಕೆ ಅಧ್ಯಾಯದಲ್ಲಿ ಸ್ವಂತ ಜಾಗ ಸಿಕ್ಕಿಲ್ಲ ಎಂದರ್ಥ.

ನಾಲ್ಕನ್ನೂ ಕತ್ತರಿಸಿ ಒಂದು ಹಾಳೆಯ ಮೇಲೆ ಒಟ್ಟಿಗೆ ಇಟ್ಟಾಗ ಒಂದು ಒಳ್ಳೆಯ ಪ್ರಶ್ನೆ ರೂಪ ತಳೆಯಿತು. 1831ರ ಅಕ್ಟೋಬರ್‌ನಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡಿತು. ದಂಗೆಯ ಕಾರಣಗಳನ್ನು ಹೇಳುವ ಸಮಿತಿಯ ವರದಿ ಬಂದದ್ದು ಅದರ ನಂತರ, 1833ರಲ್ಲಿ. ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನ್ ಮರುವರ್ಷವೇ ಮೈಸೂರಿನ ಕಮಿಷನರ್ ಆದರು. ತೀರ್ಪು ಜಾರಿಯಾದ ಮೇಲೆ ಬರೆದ ವಿಚಾರಣೆಯನ್ನು ದಂಗೆಯ ಕಾರಣಕ್ಕೆ ಮುಖ್ಯ ಆಕರವಾಗಿ ಹೇಗೆ ಬಳಸಬೇಕು? ಇದು ಟಿಪ್ಪಣಿಯ ಬಾಲದಲ್ಲಿ ನೇತಾಡುವ ಮಾತಲ್ಲ, ಅಧ್ಯಾಯದ ಆರಂಭದಲ್ಲಿ ಆಕರಗಳನ್ನು ಪರಿಚಯಿಸುವಾಗ ಒಂದೂವರೆ ಪುಟ ಕೊಟ್ಟು ಹೇಳಬೇಕಾದ ಮಾತು. ಆಕೆ ಹಾಗೆಯೇ ಬರೆದಳು. ಆಮೇಲೆ ಮೂವತ್ತೊಂದನೆಯ ಟಿಪ್ಪಣಿಯಲ್ಲಿ ವರದಿಯ ಹೆಸರು ಬಂದಾಗ ಓದುಗರಿಗೆ ಅದನ್ನು ಎಷ್ಟು ನಂಬಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

ಆದ್ದರಿಂದ ಕೆಂಪು ಗೆರೆಯ ಟಿಪ್ಪಣಿಗಳನ್ನು ಒಂದೊಂದಾಗಿ ಸರಿಪಡಿಸಲು ಹೊರಡುವ ಮೊದಲು ಅವುಗಳ ತಿರುಳನ್ನು ಒಂದೊಂದು ವಾಕ್ಯದಲ್ಲಿ ಬರೆದು ಒಟ್ಟಿಗೆ ಹರವಿಕೊಳ್ಳಿ. ಒಂದೇ ಮಾತು ಮೂರು ಕಡೆ ಕಂಡರೆ ಅದಕ್ಕೆ ಬೇಕಾದದ್ದು ಕಂಡಿಕೆಯಲ್ಲ, ಒಂದು ಉಪವಿಭಾಗ.

ಕೆಳಗೇ ಇರಬೇಕಾದವು

ಎಲ್ಲ ಮಾತೂ ಮೇಲೆ ಬರಬೇಕಿಲ್ಲ. ಹೊಸ ಉತ್ಸಾಹದಲ್ಲಿ ಎಲ್ಲವನ್ನೂ ಎತ್ತಿ ಹಾಕಿದರೆ ಕಂಡಿಕೆಗಳು ಉಬ್ಬಿ, ಕಥೆ ಎಲ್ಲಿಗೆ ಹೊರಟಿತ್ತು ಎಂಬುದೇ ಮರೆತುಹೋಗುತ್ತದೆ. ಆಕರವನ್ನು ಪರಿಶೀಲಿಸುವವರಿಗೆ ಮಾತ್ರ ಬೇಕಾದ, ವಾದದ ದಾರಿಯನ್ನು ತಿರುಗಿಸದ ಮಾತು ಕೆಳಗೇ ಇರಲಿ.

ಶಾಸನದ ಕಾಲಗಣನೆ ಇದಕ್ಕೆ ಒಳ್ಳೆಯ ಉದಾಹರಣೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಾಘ ಅಥವಾ ಫಾಲ್ಗುಣದ ತಿಥಿಯಾದರೆ ಇಂಗ್ಲಿಷ್ ವರ್ಷ ಆಗಲೇ ಬದಲಾಗಿರುವುದರಿಂದ ಸಾಮಾನ್ಯವಾಗಿ 79 ಕೂಡಿಸಬೇಕಾಗುತ್ತದೆ. ಶಾಸನದ ಶಕ ವರ್ಷಕ್ಕೂ ಸಂವತ್ಸರದ ಹೆಸರಿಗೂ ತಾಳೆಯಾಗದ ಸಂದರ್ಭಗಳೂ ಉಂಟು. ನೀವು ಯಾವುದನ್ನು ಹಿಡಿದಿರಿ ಎಂದು ಎರಡು ಸಾಲಿನ ಟಿಪ್ಪಣಿಯಲ್ಲಿ ಹೇಳಿದರೆ ಸಾಕು:

> ಎಪಿಗ್ರಾಫಿಯಾ ಕರ್ನಾಟಿಕ, ಸಂ. 8, ಸಾಗರ … . ಶಕ ವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷದ ಅಂತರವಿದೆ. ಇಲ್ಲಿ ಸಂವತ್ಸರವನ್ನು ಅನುಸರಿಸಿದೆ.

ಆ ಒಂದು ವರ್ಷದ ಅಂತರದಿಂದ ದಾನ ಕೊಟ್ಟ ಅರಸನೇ ಬದಲಾಗುವುದಾದರೆ ಮಾತ್ರ ಅದು ಟಿಪ್ಪಣಿಯ ವಿಷಯವಾಗಿ ಉಳಿಯುವುದಿಲ್ಲ, ಮೇಲೆ ಬರಬೇಕು. ಹಸ್ತಪ್ರತಿಯ ಪಾಠಾಂತರ, ಇಂಗ್ಲಿಷ್ ಕಡತದಿಂದ ನೀವು ಮಾಡಿದ ಅನುವಾದದ ಮೂಲವಾಕ್ಯ, ಇವುಗಳಿಗೂ ಇದೇ ಅಳತೆ.

ಬುಕಾನನ್ನನ ಅಡಿಕೆ ತೋಟಕ್ಕೆ ಎಲ್ಲೂ ಜಾಗ ಸಿಗಲಿಲ್ಲ. ಅಳಿಸಲು ಆಕೆಗೆ ಮನಸ್ಸಿರಲಿಲ್ಲ, ನನಗೂ ಇಂಥ ವಿಷಯದಲ್ಲಿ ಕರುಳು ಹಿಂಡುತ್ತದೆ. ಅದಕ್ಕಾಗಿ "ಅಟ್ಟ" ಎಂಬ ಹೆಸರಿನಲ್ಲಿ ಬೇರೆ ಒಂದು ಕಡತ ತೆರೆದು, ಪುಟ ಸಂಖ್ಯೆ ಸಹಿತ ಅಲ್ಲಿಗೆ ಸಾಗಿಸಿದೆವು. ಇಂಥ ಕಡತ ಇದ್ದರೆ ಕೈ ಧಾರಾಳವಾಗಿ ಕತ್ತರಿಸುತ್ತದೆ.

ಕೊನೆಯ ತಪಾಸಣೆ

ಇಷ್ಟಾದ ಮೇಲೆ ಟಿಪ್ಪಣಿಗಳನ್ನು ಪೂರ್ತಿ ಮುಚ್ಚಿ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ. ಹೊಲಿಗೆ ಹಾಕಿದ ಜಾಗಗಳು ಕಿವಿಗೆ ತಟ್ಟುತ್ತವೆ. ಟಿಪ್ಪಣಿಯಿಂದ ಬಂದ ವಾಕ್ಯಗಳಿಗೆ ಒಂದು ವಿಚಿತ್ರ ಗುಣವಿದೆ: ಅವು "ಅಲ್ಲದೆ", "ಕೂಡ", "ಇದಲ್ಲದೆ" ಎಂದೇ ಶುರುವಾಗುತ್ತವೆ, ಪಕ್ಕದ ಕೋಣೆಯಿಂದ ತಲೆಹಾಕಿ ಮಾತಾಡುವವರ ಹಾಗೆ. ಅಂಥ ವಾಕ್ಯಗಳನ್ನು ಹೊಸದಾಗಿ ಬರೆಯಬೇಕು, ಮೊದಲ ಪದವನ್ನು ಅಳಿಸಿದರೆ ಸಾಲದು. ಅಧ್ಯಾಯದ ಪೀಠಿಕೆಯನ್ನೂ ಕೊನೆಯ ಪುಟವನ್ನೂ ಮತ್ತೆ ನೋಡಿ. ನಡುವೆ ವಾದ ಬದಲಾಗಿದ್ದರೂ ಪೀಠಿಕೆ ಇನ್ನೂ "ಶರ್ತು ಪದ್ಧತಿಯೇ ಕಾರಣ" ಎನ್ನುತ್ತಿರಬಹುದು. ನಮ್ಮಲ್ಲಿ ಹಾಗೆಯೇ ಆಗಿತ್ತು.

ಆಮೇಲೆ ಯಂತ್ರದ ಕೆಲಸ. ಜೊಟೆರೊದಂಥ ತಂತ್ರಾಂಶದಲ್ಲಿ ಆಕರ ಹಾಕಿದ್ದರೆ, ಟಿಪ್ಪಣಿಯೊಳಗಿನ ಆಕರವನ್ನು ಪಠ್ಯಕ್ಕೆ ನಕಲು ಮಾಡಿ ಅಂಟಿಸಬೇಡಿ. ಅದು ಹೊಸ ಟಿಪ್ಪಣಿಯಾಗುವ ಬದಲು ವಾಕ್ಯದ ನಡುವೆಯೇ ಕುಳಿತುಬಿಡಬಹುದು. ಮಾತುಗಳನ್ನು ಮಾತ್ರ ತಂದು, ಆಕರವನ್ನು ಹೊಸದಾಗಿ ಸೇರಿಸಿ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಯನ್ನು ಯೂನಿಕೋಡ್ ಪಠ್ಯದೊಳಗೆ ತಂದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ, ಮೊದಲು ಪರಿವರ್ತಿಸಿಕೊಳ್ಳಿ. ಹಳದಿ ಬಣ್ಣ ಬಳಿದ "ಟಿಪ್ಪಣಿ 47 ನೋಡಿ"ಗಳನ್ನು ಈಗ ಸರಿಪಡಿಸಿ. ಎಲ್ಲ ಮುಗಿದ ಮೇಲೆ ಹತ್ತು ಟಿಪ್ಪಣಿಗಳನ್ನು ಕಣ್ಣುಮುಚ್ಚಿ ಆರಿಸಿ, ಪುಸ್ತಕ ತೆರೆದು ಪುಟ ತಾಳೆ ನೋಡಿ. ಹತ್ತರಲ್ಲಿ ಎರಡು ತಪ್ಪಿದರೆ ಎಲ್ಲವನ್ನೂ ನೋಡಬೇಕು, ಬೇರೆ ದಾರಿಯಿಲ್ಲ.

ಆ ಅಧ್ಯಾಯದ ಟಿಪ್ಪಣಿಗಳ ಸಂಖ್ಯೆ ಎಪ್ಪತ್ತೆರಡರಿಂದ ಎಂಬತ್ತೊಂದಕ್ಕೆ ಏರಿತು. ಮೇಲೆ ಬಂದ ಮಾತುಗಳೆಲ್ಲ ತಮ್ಮ ತಮ್ಮ ಆಕರ ಕೇಳಿದ್ದರಿಂದ ಹೀಗಾಯಿತು. ಆದರೆ ಮೂರು ಸಾಲು ಮೀರುವ ಟಿಪ್ಪಣಿ ಈಗ ನಾಲ್ಕೇ ನಾಲ್ಕು. ಅವುಗಳಲ್ಲಿ ಒಂದರ ಬಗ್ಗೆ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ. ಬಿದನೂರು ಹೈದರಾಲಿಯ ಕಾಲದಲ್ಲಿ ಹೈದರನಗರವಾಗಿ, ಮುಂದೆ ಬರಿಯ ನಗರವಾದ ಕಥೆ ಅದು. ಅದು ಹೆಸರಿನ ವಿವರ ಮಾತ್ರ, ಕೆಳಗಿರಲಿ ಎಂಬುದು ಆಕೆಯ ವಾದ. ಹಳೆಯ ಮನೆತನದ ನೆನಪು ಉಳಿದಿತ್ತು ಎಂದು ವಾದಿಸುವ ಅಧ್ಯಾಯದಲ್ಲಿ, ಊರಿನ ಹೆಸರೇ ಗೆದ್ದವನ ಹೆಸರಿಗೆ ತಿರುಗಿದ್ದು ಬರಿಯ ವಿವರವೇ ಎಂಬುದು ನನ್ನ ಪ್ರಶ್ನೆ. ಸದ್ಯಕ್ಕೆ ಅದು ಕೆಳಗೇ ಇದೆ.